‘ಅಥವಾ’ ತಪ್ಪಿದರೆ ಮೂರು ಕಚೇರಿ ಅಲೆದಾಟ

ಕರಡಿಗೆ ಸಹಿ ಬೀಳುವ ಮೊದಲು ಅದನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸ ನನಗೆ ಬಂದದ್ದು ನಮ್ಮ ಕಚೇರಿಯ ಹಿರಿಯ ದಲಾಯತರೊಬ್ಬರಿಂದ. ಅವರಿಗೆ ಊರಲ್ಲಿ ಎರಡು ಎಕರೆ ಜಮೀನಿದೆ. ಬೆಳೆ ವಿಮೆಯ ಬಗ್ಗೆ ಇಂಗ್ಲಿಷಿನಲ್ಲಿ ಬಂದಿದ್ದ ಸುತ್ತೋಲೆಯನ್ನು ಕನ್ನಡಕ್ಕೆ ತಂದು ಅವರ ಮುಂದೆ ಓದಿದೆ. ಪೂರ್ತಿ ಕೇಳಿಸಿಕೊಂಡು, “ಹಂಗಾದ್ರೆ ಸಾರ್, ಆಲಿಕಲ್ಲು ಬಿದ್ರೆ ನಾನು ಇನ್ಶೂರೆನ್ಸ್ ಕಂಪನಿಗೂ ಹೋಗಬೇಕು, ಬ್ಯಾಂಕಿಗೂ ಹೋಗಬೇಕು, ರೈತ ಸಂಪರ್ಕ ಕೇಂದ್ರಕ್ಕೂ ಹೋಗಬೇಕಾ?” ಎಂದು ಕೇಳಿದರು. ಹಾಗಿರಲಿಲ್ಲ. ಮೂರರಲ್ಲಿ ಒಂದು ಕಡೆ ತಿಳಿಸಿದರೂ ಸಾಕಿತ್ತು. ಇಂಗ್ಲಿಷಿನಲ್ಲಿದ್ದ ‘ಆರ್’ ಎಂಬ ಪುಟ್ಟ ಪದ ನನ್ನ ಕನ್ನಡದಲ್ಲಿ ಅಲ್ಪವಿರಾಮವಾಗಿ ಕರಗಿಹೋಗಿತ್ತು.

ಸರ್ಕಾರಿ ಕನ್ನಡ ಯಾಕೆ ಅಷ್ಟು ಭಾರ ಎಂದು ಕೇಳಿದರೆ ಕಚೇರಿಯಲ್ಲಿ ಸಿಗುವ ಉತ್ತರ ಒಂದೇ: ‘ಸರಳ ಮಾಡಿದರೆ ಅರ್ಥ ಕೆಡುತ್ತದೆ, ನಾಳೆ ಆಕ್ಷೇಪಣೆ ಬರುತ್ತದೆ.’ ಈ ಭಯ ಸುಳ್ಳಲ್ಲ. ಆದರೆ ಅರ್ಥ ಎಲ್ಲಿ ಕೂತಿದೆ ಎಂಬ ಲೆಕ್ಕ ತಪ್ಪಿದೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’, ‘ಈ ಮೂಲಕ ಸೂಚಿಸಲಾಗಿದೆ’ ಎಂಬಂಥ ದೊಡ್ಡ ಮಾತುಗಳನ್ನು ಕಿತ್ತುಹಾಕಿದರೆ ನಿಯಮಕ್ಕೆ ಏನೂ ಆಗುವುದಿಲ್ಲ. ಅಥವಾ, ಮಾತ್ರ, ಒಳಗೆ, ಇಂದ, ಬಹುದು ಎಂಬ ಸಣ್ಣ ಪದಗಳಲ್ಲಿ ಒಂದು ಅತ್ತಿತ್ತ ಆದರೆ ನಿಯಮವೇ ಬದಲಾಗುತ್ತದೆ. ಇದನ್ನು ನಾನು ಕಲಿತದ್ದು ಆ ಬೆಳೆ ವಿಮೆಯ ಕಡತದಲ್ಲೇ ಆದ್ದರಿಂದ ಅದನ್ನೇ ಬಿಡಿಸಿ ತೋರಿಸುತ್ತೇನೆ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ನಮ್ಮ ರಾಜ್ಯದಲ್ಲಿ ಅದರ ಹೆಸರಿನ ಮುಂದೆ ‘ಕರ್ನಾಟಕ ರೈತ ಸುರಕ್ಷಾ’ ಎಂದೂ ಸೇರಿದೆ. ಈ ಯೋಜನೆಯಲ್ಲಿ ನಷ್ಟವನ್ನು ಸಾಮಾನ್ಯವಾಗಿ ಒಬ್ಬೊಬ್ಬ ರೈತನ ಹೊಲ ನೋಡಿ ಲೆಕ್ಕ ಹಾಕುವುದಿಲ್ಲ. ಗ್ರಾಮ ಪಂಚಾಯಿತಿ ಅಥವಾ ಹೋಬಳಿಯನ್ನು ಒಂದು ಘಟಕವಾಗಿ ಹಿಡಿದು ಬೆಳೆ ಕಟಾವು ಪ್ರಯೋಗದಿಂದ ಲೆಕ್ಕ ಮಾಡುತ್ತಾರೆ. ಆದರೆ ಆಲಿಕಲ್ಲು ಮಳೆಯಂಥದ್ದು ಒಬ್ಬನ ಹೊಲ ಹಾಳುಮಾಡಿ ಪಕ್ಕದವನದನ್ನು ಬಿಟ್ಟುಬಿಡುತ್ತದೆ. ಅಂಥ ಕಡೆ ಮಾತ್ರ ಆ ರೈತನ ಹೊಲವನ್ನೇ ನೋಡುವ ಅವಕಾಶವಿದೆ. ಅದಕ್ಕೆ ರೈತ 72 ಗಂಟೆಯೊಳಗೆ ತಿಳಿಸಬೇಕು. ಯೋಜನೆಯ ಮಾರ್ಗಸೂಚಿ ಕೇಂದ್ರದ್ದು. ಇಂಗ್ಲಿಷಿನ ಆ ಕಲಮು ಸುತ್ತೋಲೆಯಾಗಿ ಇಳಿದು ಬಂದಾಗ ಜಿಲ್ಲೆಯಲ್ಲಿ ಕೂತ ಯಾರೋ ಅದನ್ನು ಕನ್ನಡ ಮಾಡುತ್ತಾರೆ. ನನ್ನ ಮೊದಲ ಕರಡು ಹೆಚ್ಚುಕಡಿಮೆ ಹೀಗಿತ್ತು:

“ಅಧಿಸೂಚಿತ ಪ್ರದೇಶದಲ್ಲಿನ ಅಧಿಸೂಚಿತ ಬೆಳೆಗಳಿಗೆ ಸಂಬಂಧಿಸಿದಂತೆ ಆಲಿಕಲ್ಲು ಮಳೆ, ಭೂಕುಸಿತ, ಪ್ರವಾಹ ಮುಂತಾದ ಸ್ಥಳೀಯ ಪ್ರಕೃತಿ ವಿಕೋಪಗಳಿಂದಾಗಿ ಉಂಟಾಗುವ ನಷ್ಟದ ಸಂದರ್ಭದಲ್ಲಿ ವಿಮೆಗೊಳಪಟ್ಟ ರೈತರಿಂದ ಸರ್ವೆ ನಂಬರ್‌ವಾರು ಬೆಳೆಯ ವಿವರ ಹಾಗೂ ಬಾಧಿತ ವಿಸ್ತೀರ್ಣವನ್ನು ಒಳಗೊಂಡ ಮಾಹಿತಿಯು ವಿಮಾ ಕಂಪನಿ, ಸಂಬಂಧಪಟ್ಟ ಬ್ಯಾಂಕ್, ಕೃಷಿ ಇಲಾಖೆಯ ಅಧಿಕಾರಿಗಳಿಗೆ ಮೂರು ದಿನಗಳೊಳಗಾಗಿ ಸಲ್ಲಿಸಲ್ಪಡತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ.”

ವ್ಯಾಕರಣದ ಕಣ್ಣಿಗೆ ಇದರಲ್ಲಿ ದೊಡ್ಡ ದೋಷ ಕಾಣುವುದಿಲ್ಲ. ಮೇಲಧಿಕಾರಿ ಒಮ್ಮೆ ಕಣ್ಣಾಡಿಸಿ ಸಹಿ ಮಾಡಿಬಿಡಬಹುದಾದ ವಾಕ್ಯ. ಆದರೆ ಇದರೊಳಗೆ ಐದು ತಪ್ಪುಗಳಿವೆ, ಐದೂ ರೈತನ ಕೈಯಿಂದ ಹಣ ತಪ್ಪಿಸಬಲ್ಲವು.

ದಲಾಯತರು ಹಿಡಿದದ್ದು ಮೊದಲನೆಯದು. ಇಂಗ್ಲಿಷಿನಲ್ಲಿ ಸಾಲಾಗಿ ಹೆಸರು ಹೇಳಿ ಕೊನೆಯ ಎರಡರ ನಡುವೆ ಒಂದು ‘ಆರ್’ ಹಾಕಿದರೆ ಅದು ಇಡೀ ಸಾಲಿಗೆ ಅನ್ವಯಿಸುತ್ತದೆ. ಕನ್ನಡದಲ್ಲಿ ಅಲ್ಪವಿರಾಮದ ಸಾಲು ಬರೆದು ಕೊನೆಯ ಹೆಸರಿಗೆ ‘ಗೆ’ ಸೇರಿಸಿದರೆ ನಮ್ಮ ಕಿವಿಗೆ ಕೇಳುವುದು ‘ಇವರೆಲ್ಲರಿಗೂ’ ಎಂದೇ. ಮದುವೆಗೆ ಅಣ್ಣ, ಅತ್ತಿಗೆ, ಮಾವನಿಗೆ ಹೇಳಿಬಾ ಎಂದರೆ ಒಬ್ಬರಿಗೆ ಹೇಳಿ ಬರುವವರು ಯಾರೂ ಇಲ್ಲ. ಹಾಗಾಗಿ ‘ಆರ್’ ಕಂಡಲ್ಲಿ ಕನ್ನಡದಲ್ಲಿ ಒಂದು ‘ಅಥವಾ’ ಹಾಕಿ ಸುಮ್ಮನಾಗುವುದೂ ಸಾಲದು. ‘ಇವುಗಳಲ್ಲಿ ಯಾವುದಾದರೂ ಒಂದಕ್ಕೆ’ ಎಂದು ಬಿಡಿಸಿಯೇ ಬರೆಯಬೇಕು. ನಾಲ್ಕು ಪದ ಜಾಸ್ತಿಯಾಗುತ್ತದೆ, ಆಗಲಿ.

ಎರಡನೆಯದು ‘ಮುಂತಾದ’. ಇದು ನಮ್ಮ ಭಾಷೆಯ ಲಯದಿಂದಲೇ ಹುಟ್ಟುವ ತಪ್ಪು. ಮೂರು ಹೆಸರು ಹೇಳಿದ ಮೇಲೆ ‘ಮುಂತಾದ’, ‘ಇತ್ಯಾದಿ’ ಎಂದು ಮುಗಿಸದಿದ್ದರೆ ಕನ್ನಡ ಬರೆಯುವವನ ಕೈಗೆ ಏನೋ ಬಾಕಿ ಉಳಿದಂತೆ ಅನಿಸುತ್ತದೆ. ಆದರೆ ಮೂಲದ ಪಟ್ಟಿ ಮುಚ್ಚಿದ ಪಟ್ಟಿ. ಆಗಿನ ಪರಿಷ್ಕೃತ ಮಾರ್ಗಸೂಚಿಯ ಪ್ರಕಾರ ಆಲಿಕಲ್ಲು ಮಳೆ, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನಿಂದ ಹತ್ತಿದ ಬೆಂಕಿ ಇಷ್ಟೇ ಸ್ಥಳೀಯ ವಿಕೋಪಗಳಾಗಿದ್ದವು. ಇವುಗಳಲ್ಲಿ ಯಾವುದು ಯಾವ ಬೆಳೆಗೆ ಅನ್ವಯ ಎಂಬುದನ್ನು ಆಯಾ ಹಂಗಾಮಿನ ಅಧಿಸೂಚನೆ ಹೇಳುತ್ತದೆ. ‘ಮುಂತಾದ’ ಎಂದೊಡನೆ ಪಟ್ಟಿಯ ಬಾಗಿಲು ತೆರೆಯಿತು. ಪಟ್ಟಿಯಲ್ಲಿಲ್ಲದ ಕಾರಣದಿಂದ ಬೆಳೆ ಕಳೆದುಕೊಂಡ ರೈತನೂ ಅರ್ಜಿ ಹಿಡಿದು ಬಂದರೆ ಅದು ಅವನ ತಪ್ಪಲ್ಲ, ಅನುವಾದಕನ ತಪ್ಪು. ಹಾಗೆಯೇ ಮೂಲದಲ್ಲಿ ‘ಸಚ್ ಆ್ಯಸ್’ ಎಂದಿದ್ದು ಪಟ್ಟಿ ತೆರೆದೇ ಇದ್ದಾಗ ಅದನ್ನು ನಾವು ಮುಚ್ಚಿಬಿಟ್ಟರೆ ಅರ್ಹನಾದವನು ಹೊರಗೆ ಉಳಿಯುತ್ತಾನೆ. ಇಂಗ್ಲಿಷಿನ ಪ್ರತಿ ಪಟ್ಟಿಯ ಪಕ್ಕದಲ್ಲಿ ‘ಮುಚ್ಚಿದ್ದು’ ಅಥವಾ ‘ತೆರೆದದ್ದು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡೇ ನಾನು ಈಗ ಅನುವಾದಕ್ಕೆ ಕೂರುವುದು.

ಮೂರನೆಯದು ‘ಪ್ರವಾಹ’. ಇಂಗ್ಲಿಷಿನಲ್ಲಿದ್ದ ಪದ ಇನಂಡೇಷನ್. ನಿಘಂಟಿನಲ್ಲಿ ನೆರೆ, ಪ್ರವಾಹ, ಮುಳುಗಡೆ ಎಲ್ಲವೂ ಸಿಗುತ್ತವೆ. ಆದರೆ ರೈತನಿಗೆ ಪ್ರವಾಹ ಎಂದರೆ ಹೊಳೆ ಉಕ್ಕಿ ಬರುವುದು. ಜಡಿಮಳೆಗೆ ಹೊಲದಲ್ಲಿ ಮೊಣಕಾಲುದ್ದ ನೀರು ನಿಂತು ತೊಗರಿ ಕೊಳೆತುಹೋದರೆ ಅವನು ಅದನ್ನು ಪ್ರವಾಹ ಎನ್ನುವುದಿಲ್ಲ. ಹತ್ತಿರದಲ್ಲಿ ಹೊಳೆಯೇ ಇಲ್ಲದ ಊರಿನವನು ‘ಇದು ನಮಗಲ್ಲ’ ಎಂದು ನೋಟಿಸನ್ನು ಅಲ್ಲಿಗೇ ಬಿಡುತ್ತಾನೆ. ‘ಜಲಾವೃತ’ ಎಂಬುದು ಕಚೇರಿಯ ಪದವಾದರೂ ಪತ್ರಿಕೆಗಳಿಂದ ಜನರಿಗೆ ಪರಿಚಿತ. ಅದನ್ನು ಇಟ್ಟು ಪಕ್ಕದಲ್ಲಿ ‘ಹೊಲದಲ್ಲಿ ನೀರು ನಿಲ್ಲುವುದು’ ಎಂದು ಒಮ್ಮೆ ಬಿಡಿಸಿದರೆ ಕಚೇರಿಗೂ ಆಯಿತು, ಹೊಲಕ್ಕೂ ಆಯಿತು. ಒಮ್ಮೆ ಜಲಾವೃತ ಎಂದು ಬರೆದ ಮೇಲೆ ಮುಂದಿನ ಪುಟದಲ್ಲಿ ಬೇಸರ ಕಳೆಯಲೆಂದು ‘ಮುಳುಗಡೆ’ ಎನ್ನಬಾರದು. ಕಥೆ ಬರೆಯುವವರಿಗೆ ಒಂದೇ ಪದ ಮರುಕಳಿಸುವುದು ಚೆಂದವಲ್ಲ. ಸುತ್ತೋಲೆಯಲ್ಲಿ ಪದ ಬದಲಾದರೆ ವಸ್ತುವೇ ಬೇರೆ ಎಂದು ಓದುವವರು ಓದುತ್ತಾರೆ. ಆಡಳಿತದಲ್ಲಿ ಅನುಮತಿ, ಅನುಮೋದನೆ, ಸಮ್ಮತಿ, ಮಂಜೂರಾತಿ ನಾಲ್ಕೂ ಬೇರೆ ಬೇರೆ ಮೆಟ್ಟಿಲುಗಳು. ಸರ್ಕಾರ ಪ್ರಕಟಿಸಿರುವ ಆಡಳಿತ ಪದಕೋಶವನ್ನು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದದ್ದು ಇದಕ್ಕಾಗಿ. ಹುದ್ದೆಗಳ ಹೆಸರಿಗಂತೂ ಅದು ಬೇಕೇ ಬೇಕು. ಕಂದಾಯ ಇಲಾಖೆಯ ಡೆಪ್ಯುಟಿ ಕಮಿಷನರ್ ಜಿಲ್ಲಾಧಿಕಾರಿ, ವಾಣಿಜ್ಯ ತೆರಿಗೆಯ ಡೆಪ್ಯುಟಿ ಕಮಿಷನರ್ ಉಪ ಆಯುಕ್ತರು. ಇಂಗ್ಲಿಷಿನಲ್ಲಿ ಹೆಸರು ಒಂದೇ, ಅರ್ಜಿ ತಲುಪಬೇಕಾದ ಕಟ್ಟಡ ಬೇರೆ.

ನಾಲ್ಕನೆಯದು ‘ರೈತರಿಂದ’. ಇಂಗ್ಲಿಷಿನ ಕರ್ಮಣಿ ವಾಕ್ಯದಲ್ಲಿ ‘ಬೈ’ ಎಂದಿದ್ದರೆ ನಾವು ಕಣ್ಣುಮುಚ್ಚಿ ‘ಇಂದ’ ಹಾಕುತ್ತೇವೆ. ಕನ್ನಡದಲ್ಲಿ ‘ಇಂದ’ ಎರಡು ಕೆಲಸ ಮಾಡುತ್ತದೆ. ಮಾಡಿದವರು ಯಾರು ಎಂಬುದನ್ನೂ ಹೇಳುತ್ತದೆ, ಎಲ್ಲಿಂದ ಬಂತು ಎಂಬುದನ್ನೂ ಹೇಳುತ್ತದೆ. ‘ಕೃಷಿ ಅಧಿಕಾರಿಯಿಂದ ಪಡೆಯಲಾದ ವರದಿ’ ಎಂದರೆ ಅಧಿಕಾರಿ ಬೇರೆಯವರಿಂದ ಪಡೆದದ್ದೋ, ಬೇರೆಯವರು ಅಧಿಕಾರಿಯಿಂದ ಪಡೆದದ್ದೋ ಆ ವಾಕ್ಯ ಹೇಳುವುದೇ ಇಲ್ಲ. ನನ್ನ ಕರಡಿನಲ್ಲಿ ‘ರೈತರಿಂದ ಮಾಹಿತಿಯು ಸಲ್ಲಿಸಲ್ಪಡತಕ್ಕದ್ದು’ ಎಂದಿತ್ತು. ಯಾರೋ ಬಂದು ರೈತರಿಂದ ಮಾಹಿತಿ ತೆಗೆದುಕೊಂಡು ಹೋಗುತ್ತಾರೆ, ನಾವು ಕಾಯೋಣ ಎಂದು ಅದನ್ನು ಓದಲು ಅಡ್ಡಿಯಿಲ್ಲ. ಕಾಯುತ್ತ ಕೂತರೆ ಗಡುವು ಮುಗಿಯುತ್ತದೆ. ಮದ್ದು ಸುಲಭ: ಮಾಡುವವರನ್ನು ವಾಕ್ಯದ ಮೊದಲಿಗೆ ತಂದು ಕೂರಿಸಿ, ‘ರೈತರು ತಿಳಿಸಬೇಕು’ ಎನ್ನುವುದು. ಮೂಲದ ಇಂಗ್ಲಿಷಿನಲ್ಲೇ ಮಾಡುವವರು ಯಾರೆಂದು ಇಲ್ಲದಿದ್ದಾಗ ಮಾತ್ರ ಕಷ್ಟ. ಆಗ ಊಹಿಸಿ ಒಬ್ಬರ ಹೆಸರು ಸೇರಿಸುವ ಹಕ್ಕು ಅನುವಾದಕನಿಗಿಲ್ಲ, ಕಡತದಲ್ಲಿ ಪ್ರಶ್ನೆ ಬರೆದು ಶಾಖಾಧಿಕಾರಿಯ ಮುಂದೆ ಇಡಬೇಕು.

ಐದನೆಯದನ್ನು ನಾನು ಬೇಕೆಂದೇ ಮಾಡಿದ್ದೆ, ಸರಳವಾಗಲಿ ಎಂದು. 72 ಗಂಟೆ ಎನ್ನುವ ಬದಲು ‘ಮೂರು ದಿನ’ ಎಂದೆ. ಒಂದು ಸೋಮವಾರ ಸಂಜೆ 4 ಗಂಟೆಗೆ ಆಲಿಕಲ್ಲು ಬಿತ್ತು ಎಂದಿಟ್ಟುಕೊಳ್ಳಿ. 72 ಗಂಟೆ ಮುಗಿಯುವುದು ಗುರುವಾರ ಸಂಜೆ 4ಕ್ಕೆ. ನಮ್ಮ ಹಳ್ಳಿಗಳಲ್ಲಿ ದಿನ ಎಣಿಸುವಾಗ ಮೊದಲ ದಿನವನ್ನೂ ಸೇರಿಸುತ್ತಾರೆ. ಹನ್ನೊಂದನೇ ದಿನದ ನಾಮಕರಣಕ್ಕೆ ಹುಟ್ಟಿದ ದಿನವೇ ಒಂದು. ಆ ಲೆಕ್ಕದಲ್ಲಿ ಮೂರು ದಿನ ಬುಧವಾರಕ್ಕೇ ಮುಗಿಯಿತು. ಗುರುವಾರ ಬೆಳಿಗ್ಗೆ ಇನ್ನೂ ಸಮಯವಿದ್ದರೂ ರೈತ ಕೈಚೆಲ್ಲುತ್ತಾನೆ. ಕಾನೂನಿನ ಲೆಕ್ಕ ಬೇರೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮದ 9ನೇ ಪ್ರಕರಣದ ಪ್ರಕಾರ ‘ಇಂಥ ದಿನದಿಂದ’ ಎಂದರೆ ಆ ಮೊದಲ ದಿನ ಲೆಕ್ಕಕ್ಕಿಲ್ಲ. ಹಾಗೆ ಎಣಿಸಿದವನು ಗುರುವಾರ ರಾತ್ರಿಯವರೆಗೂ ಸಮಯವಿದೆ ಎಂದುಕೊಂಡು ಸಂಜೆ 6ಕ್ಕೆ ಫೋನ್ ಮಾಡುತ್ತಾನೆ, ಅಷ್ಟರಲ್ಲಿ ಗಡುವು ದಾಟಿ ಎರಡು ಗಂಟೆಯಾಗಿರುತ್ತದೆ. ಒಂದೇ ಮಾತಿಗೆ ಮೂರು ಗಡುವು. ಗಂಟೆ ಇದ್ದಲ್ಲಿ ಗಂಟೆಯೇ ಇರಬೇಕು, ದಿನವಿದ್ದಲ್ಲಿ ದಿನ, ತಿಂಗಳಿದ್ದಲ್ಲಿ ತಿಂಗಳು. ಒಂದು ತಿಂಗಳನ್ನು 30 ದಿನ ಮಾಡುವುದೂ ತಪ್ಪೇ.

ಗಡುವಿನ ಜೊತೆ ಬರುವ ‘ಒಳಗೆ’ ಎಂಬ ಪದದ ಬಗ್ಗೆಯೂ ಹೇಳಬೇಕು. ‘ಜುಲೈ 31ರೊಳಗೆ ನೋಂದಾಯಿಸಿ’ ಎಂದರೆ 31ನೇ ತಾರೀಖು ಸೇರಿತೋ ಇಲ್ಲವೋ? ಹತ್ತು ಜನರನ್ನು ಕೇಳಿ ನೋಡಿ, ಒಂದೇ ಉತ್ತರ ಬರುವುದಿಲ್ಲ. ಇಂಗ್ಲಿಷಿನಲ್ಲಿ ‘ಆನ್ ಆರ್ ಬಿಫೋರ್’ ಎಂದು ಖಚಿತವಾಗಿ ಇದ್ದದ್ದು ನಮ್ಮ ‘ಒಳಗೆ’ಯಲ್ಲಿ ಮಸುಕಾಗುತ್ತದೆ. ‘ಕೊನೆಯ ದಿನ ಜುಲೈ 31’ ಎಂದುಬಿಟ್ಟರೆ ಗೊಂದಲವೇ ಇಲ್ಲ, ಮಾತೂ ಚಿಕ್ಕದಾಯಿತು.

ಇನ್ನು ‘ತಕ್ಕದ್ದು’, ‘ಬಹುದು’. ಕಾನೂನಿನ ಕನ್ನಡದಲ್ಲಿ ಶಲ್ ಎಂದರೆ ತಕ್ಕದ್ದು, ಮೇ ಎಂದರೆ ಬಹುದು ಎಂಬುದು ಗಟ್ಟಿಯಾಗಿ ನಿಂತ ಸಂಪ್ರದಾಯ. ಅಧಿನಿಯಮ, ನಿಯಮಗಳನ್ನು ಅನುವಾದಿಸುವಾಗ ಅದನ್ನು ಬಿಡುವಂತಿಲ್ಲ. ಸುತ್ತೋಲೆಯಲ್ಲಿ ಮಾತ್ರ ಇದನ್ನು ಯಂತ್ರದಂತೆ ಹಾಕಿದರೆ ಮೋಸವಾಗುತ್ತದೆ. ಮೇಲಿನ ಕಚೇರಿ ಕೆಳಗಿನ ಕಚೇರಿಗೆ ಬರೆಯುವ ಇಂಗ್ಲಿಷಿನಲ್ಲಿ ‘ಅಗತ್ಯ ಕ್ರಮ ಮೇ ಬಿ ಟೇಕನ್’ ಎಂದಿರುತ್ತದೆ. ಅಲ್ಲಿನ ‘ಮೇ’ ಸೌಜನ್ಯದ್ದು, ಒಳಗಿರುವುದು ಆದೇಶ. ಅದನ್ನು ‘ಕ್ರಮ ಕೈಗೊಳ್ಳಬಹುದಾಗಿದೆ’ ಎಂದು ಬರೆದರೆ ಬೇಕಿದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ ಎಂದಾಯಿತು. ಇದಕ್ಕೆ ನಮ್ಮ ಕಚೇರಿಗಳಲ್ಲಿ ಬಹಳ ಕಾಲದಿಂದ ಒಂದು ಒಳ್ಳೆಯ ರೂಪವಿದೆ: ‘ಕ್ರಮ ಕೈಗೊಳ್ಳುವುದು’. ಗದರಿಕೆಯೂ ಇಲ್ಲ, ವಿನಾಯಿತಿಯೂ ಇಲ್ಲ. ಅದೇ ಇಂಗ್ಲಿಷ್ ಸುತ್ತೋಲೆಯಲ್ಲಿ ‘ಸಮಿತಿಯು ಸ್ಥಳ ಪರಿಶೀಲನೆಗೆ ತಜ್ಞರನ್ನು ಕರೆಯಬಹುದು’ ಎಂಬರ್ಥದ ‘ಮೇ’ ಬಂದರೆ ಅದು ನಿಜವಾದ ಬಹುದು, ಅಲ್ಲಿ ಬಹುದು ಎಂದೇ ಬರಬೇಕು. ಯಾವುದು ಯಾವುದೆಂದು ಹೇಗೆ ತಿಳಿಯುವುದು? ಮಾಡದೇ ಇದ್ದರೆ ಏನಾಗುತ್ತದೆ ಎಂದು ಕೇಳಿಕೊಳ್ಳುತ್ತೇನೆ. ಮಾಡದವರಿಂದ ವಿವರಣೆ ಕೇಳುವ ಪ್ರಸಂಗ ಬರುವುದಾದರೆ ಅದು ‘ಬಹುದು’ ಅಲ್ಲ. ರೈತರು ಓದುವ ಕಲಮುಗಳಲ್ಲಿ ತಕ್ಕದ್ದರ ಬದಲು ‘ಬೇಕು’ ಎನ್ನುವುದು ನನ್ನ ಆಯ್ಕೆ. ‘ತಿಳಿಸಬೇಕು’ ಎಂಬುದರಲ್ಲಿ ‘ತಿಳಿಸತಕ್ಕದ್ದು’ ಎಂಬುದಕ್ಕಿಂತ ಒಂದು ಗುಂಜಿಯೂ ಕಡಿಮೆ ಬಿಗಿಯಿಲ್ಲ.

ಪದಗಳಾದ ಮೇಲೆ ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷಿನವರು ‘ರೈತ ತಿಳಿಸಬೇಕು’ ಎಂದು ಮೊದಲೇ ಹೇಳಿ, ಆಮೇಲೆ ಷರತ್ತುಗಳನ್ನು ಬಾಲದಂತೆ ಕಟ್ಟುತ್ತ ಹೋಗಬಹುದು. ಆ ಬಾಲವನ್ನೆಲ್ಲ ನಾವು ವಾಕ್ಯದ ಮುಂದಕ್ಕೆ ತಂದರೆ ಓದುವವನು ಮೂವತ್ತು ಪದ ಹೊತ್ತುಕೊಂಡು, ಮಾಡಬೇಕೋ ಬೇಡವೋ ತಿಳಿಯದೆ ಪೂರ್ಣವಿರಾಮದವರೆಗೆ ನಡೆಯಬೇಕು. ಹಾಗಾಗಿ ಉದ್ದ ವಾಕ್ಯವನ್ನು ಒಡೆಯಲೇಬೇಕು. ಒಡೆಯುವಾಗ ಕಳೆದುಹೋಗುವುದು ಷರತ್ತು. ಅದಕ್ಕೆ ನಾನು ಅನುಸರಿಸುವ ಕ್ರಮ ಇಷ್ಟೆ. ಇಂಗ್ಲಿಷ್ ವಾಕ್ಯವನ್ನು ಎದುರಿಗಿಟ್ಟು ಅದರಲ್ಲಿರುವ ಕ್ರಿಯಾಪದಗಳಿಗೆಲ್ಲ ಗೆರೆ ಎಳೆಯುತ್ತೇನೆ. ಪ್ರತಿಯೊಂದರ ಎದುರು ಯಾರು, ಯಾರಿಗೆ, ಎಷ್ಟರೊಳಗೆ, ಯಾವ ಷರತ್ತಿಗೆ ಎಂದು ಬರೆದುಕೊಳ್ಳುತ್ತೇನೆ. ಬೆಳೆ ವಿಮೆಯ ಕಲಮಿನಲ್ಲಿ ಗೆರೆ ಬಿದ್ದದ್ದು ಮೂರಕ್ಕೆ: ಬೆಳೆ ಹಾಳಾಗುವುದು, ರೈತ ತಿಳಿಸುವುದು, ತಿಳಿಸುವಾಗ ವಿವರ ಕೊಡುವುದು. ಮೂರು ಕ್ರಿಯೆಗೆ ಮೂರು ವಾಕ್ಯ. ಆಮೇಲೆ ಇಂಗ್ಲಿಷ್ ಮುಚ್ಚಿಟ್ಟು ನನ್ನ ಟಿಪ್ಪಣಿಯಿಂದ ಕನ್ನಡ ಬರೆದು, ಕೊನೆಗೆ ಇಂಗ್ಲಿಷ್ ತೆರೆದು ಷರತ್ತುಗಳನ್ನು ಒಂದೊಂದಾಗಿ ತಾಳೆ ನೋಡುತ್ತೇನೆ. ಇಂಗ್ಲಿಷನ್ನು ಕಣ್ಣೆದುರೇ ಇಟ್ಟುಕೊಂಡು ಬರೆದರೆ ಕೈ ಅದರ ಹಿಂದೆಯೇ ಹೋಗುತ್ತದೆ.

ತಿದ್ದಿದ ಮೇಲೆ ಅದೇ ಕಲಮು ಹೀಗಾಯಿತು:

“ಆಲಿಕಲ್ಲು ಮಳೆ, ಭೂಕುಸಿತ, ಜಲಾವೃತ (ಹೊಲದಲ್ಲಿ ನೀರು ನಿಲ್ಲುವುದು), ಮೇಘಸ್ಫೋಟ, ಸಿಡಿಲಿನಿಂದ ಹತ್ತಿದ ಬೆಂಕಿ: ಈ ಐದರಲ್ಲಿ ಯಾವುದಾದರೂ ಒಂದರಿಂದ ಅಧಿಸೂಚಿತ ಬೆಳೆ ಹಾಳಾದರೆ, ವಿಮೆ ಮಾಡಿಸಿದ ರೈತರು 72 ಗಂಟೆಯೊಳಗೆ ತಿಳಿಸಬೇಕು. ವಿಮಾ ಕಂಪನಿ, ತಮ್ಮ ಬ್ಯಾಂಕ್, ಕೃಷಿ ಇಲಾಖೆಯ ಸ್ಥಳೀಯ ಅಧಿಕಾರಿ, ಉಚಿತ ಸಹಾಯವಾಣಿ: ಇವುಗಳಲ್ಲಿ ಯಾವುದಾದರೂ ಒಂದಕ್ಕೆ ತಿಳಿಸಿದರೆ ಸಾಕು. ತಿಳಿಸುವಾಗ ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಎಷ್ಟು ಎಕರೆ ಹಾಳಾಗಿದೆ ಎಂಬ ವಿವರ ಕೊಡಬೇಕು.”

‘ಅಧಿಸೂಚಿತ’ ಹಾಗೆಯೇ ಉಳಿದಿದೆ, ನೋಡಿ. ಅದಕ್ಕೆ ಬದಲಿಯಿಲ್ಲ. ಆ ಹಂಗಾಮಿಗೆ ಸರ್ಕಾರದ ಪಟ್ಟಿಯಲ್ಲಿರುವ ಬೆಳೆ ಎಂಬ ನಿರ್ದಿಷ್ಟ ಅರ್ಥ ಅದಕ್ಕಿದೆ. ಅದನ್ನು ‘ಮುಖ್ಯ ಬೆಳೆ’ ಎಂದೋ ‘ಘೋಷಿತ ಬೆಳೆ’ ಎಂದೋ ಮಾಡಿದರೆ ರೈತ ಪಟ್ಟಿ ಹುಡುಕುವ ದಾರಿಯೇ ಮುಚ್ಚುತ್ತದೆ. ‘ನಿಮ್ಮ ಬೆಳೆ’, ‘ನೀವು ತಿಳಿಸಿ’ ಎಂದೂ ನಾನು ಬರೆದಿಲ್ಲ. ಸುತ್ತೋಲೆ ಅಧಿಕಾರಿಗಳಿಗೆ ಬರೆದದ್ದು, ರೈತರು ಅದರಲ್ಲಿ ಮೂರನೆಯವರು. ಪಂಚಾಯಿತಿ ಫಲಕಕ್ಕೆ ಬೇರೆ ಪ್ರಕಟಣೆ ಬರೆಯುವಾಗ ‘ನೀವು’ ಎನ್ನಬಹುದು, ಎನ್ನಬೇಕು ಕೂಡ.

ದಲಾಯತರಿಗೆ ಇದನ್ನು ಓದಿದಾಗ ಅವರು ತಲೆಯಾಡಿಸಿದರು. ಆದರೆ ಮುಂದಿನ ಕಲಮಿಗೆ ಬಂದಾಗ ಇನ್ನೊಂದು ಪ್ರಶ್ನೆ ಎತ್ತಿದರು. ಕಟಾವಾದ ಮೇಲಿನ ನಷ್ಟದ ಕಲಮು ಅದು. ಕೊಯ್ದ ಬೆಳೆಯನ್ನು ಹೊಲದಲ್ಲಿ ಹರಡಿ ಅಥವಾ ಸಣ್ಣ ಕಂತೆ ಕಟ್ಟಿ ಒಣಗಲು ಬಿಟ್ಟಿದ್ದಾಗ, ಕಟಾವಾಗಿ ಗರಿಷ್ಠ 14 ದಿನದವರೆಗೆ, ಅಕಾಲಿಕ ಮಳೆಯಂಥ ಹೆಸರಿಸಿದ ಕಾರಣಗಳಿಂದ ಹಾಳಾದರೆ ಪರಿಹಾರದ ಅವಕಾಶವಿದೆ. “ಮೆದೆ ಹಾಕಿದ್ರೆ ಸಾರ್?” ಎಂದು ಕೇಳಿದರು. ಮಳೆ ಮೋಡ ಕಂಡರೆ ರಾಗಿಯನ್ನು ಒಟ್ಟಿ ಮೆದೆ ಹಾಕುವುದು ಅವರ ಕಡೆಯ ಪದ್ಧತಿ. ಮೂಲದಲ್ಲಿ ಮೆದೆಯ ಮಾತೇ ಇಲ್ಲ. ಹರಡಿದ್ದು, ಸಣ್ಣ ಕಂತೆ ಎಂದಿದೆ. ‘ಮೆದೆ ಹಾಕಿದ ಬೆಳೆಗೆ ಅನ್ವಯಿಸುವುದಿಲ್ಲ’ ಎಂದು ಒಂದು ಸಾಲು ಸೇರಿಸಿದರೆ ಓದುವವರಿಗೆ ಎಷ್ಟು ಸ್ಪಷ್ಟವಾಗುತ್ತಿತ್ತು! ನನ್ನ ಓದಿನ ಪ್ರಕಾರ ಅರ್ಥವೂ ಅದೇ. ಆದರೂ ಸೇರಿಸಲಿಲ್ಲ. ಮೂಲದಲ್ಲಿ ಇರುವುದನ್ನು ಬಿಡಿಸಿ ಹೇಳುವುದು ಅನುವಾದ, ಮೂಲದಲ್ಲಿ ಇಲ್ಲದ ಪ್ರಸಂಗಕ್ಕೆ ತೀರ್ಪು ಕೊಡುವುದು ಅಧಿಕಾರಿಯ ಕೆಲಸ. ‘ಜಲಾವೃತ’ಕ್ಕೆ ವಿವರಣೆ ಕೊಟ್ಟವನೇ ಮೆದೆಯ ಬಗ್ಗೆ ಸುಮ್ಮನಿದ್ದದ್ದು ಇದಕ್ಕಾಗಿ. ಪ್ರಶ್ನೆಯನ್ನು ಟಿಪ್ಪಣಿ ಹಾಳೆಯಲ್ಲಿ ಬರೆದು ಮೇಲಕ್ಕೆ ಕಳಿಸಿದೆ.

ಇಂಥ ಸುತ್ತೋಲೆಗಳ ಕೊನೆಯಲ್ಲಿ ‘ಅರ್ಥ ವ್ಯತ್ಯಾಸ ಕಂಡುಬಂದಲ್ಲಿ ಇಂಗ್ಲಿಷ್ ಮೂಲವೇ ಅಂತಿಮ’ ಎಂಬ ಸಾಲು ಇರುವುದುಂಟು. ನ್ಯಾಯಾಲಯದಲ್ಲಿ ಅದಕ್ಕೆ ಬೆಲೆಯಿರಬಹುದು. ಕನ್ನಡ 1963ರ ಅಧಿನಿಯಮದಿಂದ ರಾಜ್ಯದ ಆಡಳಿತ ಭಾಷೆಯಾಗಿದ್ದರೂ ಕೇಂದ್ರದಿಂದ ಬಂದ ಕಾಗದಕ್ಕೆ ಮೂಲ ಇಂಗ್ಲಿಷೇ. ಆದರೆ ಹೊಲದ ಬದುವಿನ ಮೇಲೆ ನಿಂತವನ ಕೈಯಲ್ಲಿ ಇರುವುದು ಕನ್ನಡದ ಪ್ರತಿ ಮಾತ್ರ, ಅವನ 72 ಗಂಟೆ ಓಡುವುದು ಅದರ ಪ್ರಕಾರವೇ. ಆ ಸಾಲನ್ನು ನಂಬಿ ಕನ್ನಡವನ್ನು ಸಡಿಲ ಬಿಡುವುದನ್ನು ನಾನು ಒಪ್ಪಲಾರೆ.

ಕರಡು ಮುಗಿದ ಮೇಲೆ ಎರಡು ಪರೀಕ್ಷೆ ಮಾಡುತ್ತೇನೆ. ಇಂಗ್ಲಿಷ್ ಮೂಲವನ್ನು ನೋಡದ ಸಹೋದ್ಯೋಗಿಗೆ ಕನ್ನಡ ಕೊಟ್ಟು, ಇದರಿಂದ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಿರಿ ಎನ್ನುತ್ತೇನೆ. ‘ಆರ್’ ಇದ್ದಲ್ಲಿ ಅವರು ‘ಆ್ಯಂಡ್’ ಬರೆದರೆ ತಪ್ಪು ನನ್ನದೇ. ಇನ್ನೊಂದು, ಸೋಮವಾರದ ಆಲಿಕಲ್ಲಿನಂಥ ಪ್ರಸಂಗ ಹೇಳಿ ಕೊನೆಯ ಗಂಟೆ ಯಾವುದೆಂದು ಕೇಳುವುದು. ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಲೆಕ್ಕ ಕೇಳಿದಾಗಲೇ ತಿಳಿಯುವುದು.

ಉಳಿದದ್ದು ಅಂಕಿಗಳು. ಬೆಳೆ ವಿಮೆಯ ಸಹಾಯವಾಣಿ 14447. ಬೆರಳಚ್ಚಿನಲ್ಲಿ ಅದು 14477 ಆದರೆ ಓದುವವರಾರಿಗೂ ತಪ್ಪೆಂದು ತೋರುವುದಿಲ್ಲ, ಬಾಕಿ ಕನ್ನಡವೆಲ್ಲ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ಹಾಗಾಗಿ ಕಡತ ಸಹಿಗೆ ಹೋಗುವ ಮುನ್ನ ಅಚ್ಚಾದ ಹಾಳೆಯನ್ನು ಎದುರಿಗಿಟ್ಟುಕೊಂಡು, ಅದರಲ್ಲಿರುವ ಸಂಖ್ಯೆಯನ್ನೇ ನೋಡಿ ಒತ್ತಿ ಒಮ್ಮೆ ಕರೆ ಮಾಡುತ್ತೇನೆ. ಆ ಕಡೆಯವರು ಬೆಳೆ ವಿಮೆ ಎಂದ ಮೇಲೆ ಫೋನ್ ಇಟ್ಟು ಹಾಳೆಯನ್ನು ಕಡತಕ್ಕೆ ಸೇರಿಸುತ್ತೇನೆ.